ನಾಲ್ಕು ಕೋಣೆಯ ಹೋಂಸ್ಟೇ: ಪೇಜ್‌ಗೆ ಲೈಕ್ ಬರುತ್ತದೆ, ಬುಕಿಂಗ್ ಮಾತ್ರ ಏಜೆಂಟ್ ಕಡೆಯಿಂದಲೇ

ಹಂಚಿನಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ನಾನು, ನಮ್ಮ ಯಜಮಾನರು, ಕೆಲಸಕ್ಕೆ ಇನ್ನಿಬ್ಬರು. ಶುರು ಮಾಡಿ ಮೂರು ವರ್ಷ ಆಯಿತು. ಬರುವವರಲ್ಲಿ 10ಕ್ಕೆ 8 ಜನ ಬುಕಿಂಗ್ ಸೈಟ್‌ಗಳ ಮೂಲಕವೇ ಬರುತ್ತಾರೆ. ನೂರಕ್ಕೆ 18 ಕಮಿಷನ್ ಹೋಗುತ್ತದೆ. ಸೀಸನ್ ಮುಗಿದ ಮೇಲೆ ಒಟ್ಟು ಎಷ್ಟು ಹೋಯಿತು ಎಂದು ಕೂಡಿಸಿದರೆ ಹೊಟ್ಟೆ ಉರಿಯುತ್ತದೆ.

ಫೇಸ್‌ಬುಕ್ ಪೇಜ್ ಇದೆ, ಇನ್‌ಸ್ಟಾಗ್ರಾಂ ಇದೆ. ಕಳೆದ ಮಳೆಗಾಲದಲ್ಲಿ ಹಾಕಿದ ಒಂದು ರೀಲ್ 40,000 ಸಲ ನೋಡಿಸಿಕೊಂಡಿತು. ಕೆಳಗೆ ಕಾಮೆಂಟ್‌ಗಳು: "ವಾವ್", "ಎಲ್ಲಿದು?", "ರೇಟ್ ಹೇಳಿ". ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಬುಕ್ ಮಾಡಿದವರು ಸೊನ್ನೆ.

ಮುಂದಿನ ಮಳೆಗಾಲಕ್ಕೆ ಇನ್ನೂ ಎರಡೂವರೆ ತಿಂಗಳಿದೆ. ಪೇಜ್ ಸರಿಯಾಗಿ ಸೆಟಪ್ ಮಾಡುವುದು ಹೇಗೆ? ಸೀಸನ್ ಪೋಸ್ಟ್‌ಗಳಲ್ಲಿ ಏನು ಹಾಕಬೇಕು, ಯಾವಾಗ ಹಾಕಬೇಕು? ವೆಬ್‌ಸೈಟ್ ಮಾಡಿಸುವಷ್ಟು ಈಗ ಕೈಯಲ್ಲಿಲ್ಲ.

ರೀಲ್‌ರಾಜ

ಮೇಡಂ, ತುಂಬಾ ಸಿಂಪಲ್. ದಿನಕ್ಕೊಂದು ಪೋಸ್ಟ್, ವಾರಕ್ಕೆ ನಾಲ್ಕು ರೀಲ್. ಆಗ ಓಡುತ್ತಿರುವ ಆಡಿಯೋ ಹಾಕಿ. ಚೆನ್ನಾಗಿ ಓಡಿದ ರೀಲ್‌ಗೆ ದುಡ್ಡು ಹಾಕಿ ಬೂಸ್ಟ್ ಮಾಡಿ. 40,000 ಬಂದಿದೆ ಅಂದರೆ ನಿಮ್ಮ ಕಂಟೆಂಟ್ ಚೆನ್ನಾಗಿದೆ. ಅದು 4 ಲಕ್ಷ ಆದರೆ ಬುಕಿಂಗ್ ತಾನಾಗಿಯೇ ಬರುತ್ತದೆ.

ಮೂಲೆಮನೆ

ಏಜೆಂಟ್‌ರನ್ನು ಪೂರ್ತಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. ನಮಗೆ ಒಬ್ಬ ಹುಡುಗ ಗುಂಪುಗಳನ್ನು ಕಳಿಸುತ್ತಾನೆ. ವಾರದ ಮಧ್ಯೆ ಕೋಣೆ ಖಾಲಿ ಇದ್ದಾಗ ಅವನೇ ದಿಕ್ಕು. ಅವನನ್ನು ಬಿಟ್ಟರೆ ನಾಳೆ ಪಕ್ಕದ ಮನೆಗೆ ಗುಂಪು ಕಳಿಸುತ್ತಾನೆ. ಮಾತಾಡಿ ಕಮಿಷನ್ ಕಡಿಮೆ ಮಾಡಿಸಿಕೊಳ್ಳಿ, ಅಷ್ಟೇ.

ಹಂಚಿನಮನೆ

ಅಣ್ಣಾ, ನಾನು ಹೇಳಿದ್ದು ಸೈಟ್‌ಗಳ ಬಗ್ಗೆ. ಹಾಗೆ ಗುಂಪು ಕಳಿಸುವವರು ನಮಗೆ ಯಾರೂ ಇಲ್ಲ. ಸೈಟ್ ಜೊತೆ ಮಾತಾಡಿ ಕಡಿಮೆ ಮಾಡಿಸಲು ನಮ್ಮ ನಾಲ್ಕು ಕೋಣೆಯ ಮಾತು ಯಾರು ಕೇಳುತ್ತಾರೆ! ಪೂರ್ತಿ ಬಿಡುವ ಯೋಚನೆಯೂ ಇಲ್ಲ. ಅರ್ಧ ನೇರವಾಗಿ ಬಂದರೆ ಸಾಕು.

ಲೆಕ್ಕದಪುಸ್ತಕ

11 ವರ್ಷದಿಂದ ಆರು ಕೋಣೆ ನಡೆಸುತ್ತಿದ್ದೇನೆ. ಮೊದಲ ನಾಲ್ಕು ವರ್ಷ ನಿಮ್ಮ ಸ್ಥಿತಿಯೇ ನನ್ನದೂ.

ಪೋಸ್ಟ್ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡಿ. ನಿಮ್ಮ ಫೋನ್ ಬೇಡ, ಬೇರೆಯವರ ಫೋನ್ ತೆಗೆದುಕೊಳ್ಳಿ. ಬುಕಿಂಗ್ ಸೈಟ್‌ನಲ್ಲಿ ನಿಮ್ಮ ಹೋಂಸ್ಟೇ ಹೆಸರು ಹೇಗಿದೆಯೋ ಹಾಗೇ ಗೂಗಲ್‌ನಲ್ಲಿ ಟೈಪ್ ಮಾಡಿ. ಇನ್‌ಸ್ಟಾದಲ್ಲೂ ಮಾಡಿ. ಏನು ಕಾಣಿಸಿತು ಎಂದು ಇಲ್ಲಿ ಬರೆಯಿರಿ.

ರೀಲ್‌ರಾಜ ಅವರೇ, ನಾಲ್ಕು ಕೋಣೆಗೆ 4 ಲಕ್ಷ ಜನ ಯಾಕೆ? ಒಂದು ಸೀಸನ್‌ಗೆ ಅವರಿಗೆ ಬೇಕಿರುವುದು 30, 40 ಕುಟುಂಬ.

ಹಂಚಿನಮನೆ

ಮಾಡಿದೆ ಸರ್. ತಲೆ ಬಿಸಿಯಾಯಿತು.

ಗೂಗಲ್‌ನಲ್ಲಿ ಮೊದಲು ಒಂದು ಬುಕಿಂಗ್ ಸೈಟ್, ಅದರ ಕೆಳಗೆ ಇನ್ನೊಂದು. ಪಕ್ಕದಲ್ಲಿ ಮ್ಯಾಪ್‌ನ ಪೆಟ್ಟಿಗೆ. ಅದರಲ್ಲಿರುವ ಫೋನ್ ನಂಬರ್ ನಮ್ಮದಲ್ಲ! ಶುರುವಿನ ವರ್ಷ "ನಿಮ್ಮನ್ನು ಲಿಸ್ಟ್ ಮಾಡಿಸುತ್ತೇನೆ" ಎಂದು ಒಬ್ಬರು ಬಂದಿದ್ದರು, ಅವರ ನಂಬರ್. ಮೂರು ವರ್ಷ ನಾನು ಗಮನಿಸಿಯೇ ಇಲ್ಲ.

ಇನ್‌ಸ್ಟಾದಲ್ಲಿ ನಾವು ಸಿಗಲೇ ಇಲ್ಲ. ಸೈಟ್‌ನಲ್ಲಿ ಇರುವ ಹೆಸರೇ ಬೇರೆ, ಕೊನೆಗೆ "ವಿಲ್ಲಾ" ಸೇರಿಸಿದ್ದಾರೆ. ಇನ್‌ಸ್ಟಾದಲ್ಲಿ ನಾವು "ನೇಚರ್ ಸ್ಟೇ" ಎಂದು ಹಾಕಿದ್ದೇವೆ. ಫೇಸ್‌ಬುಕ್‌ನಲ್ಲಿ ಮೂರನೆಯ ಹೆಸರು.

ಲೆಕ್ಕದಪುಸ್ತಕ

ನಿಮ್ಮ ಬುಕಿಂಗ್ ಸೋರುತ್ತಿರುವುದು ಅಲ್ಲೇ. ಗೊತ್ತಿಲ್ಲದವರು ರೀಲ್ ನೋಡಿ ಬುಕ್ ಮಾಡುವುದು ಕಡಿಮೆ. ಸೈಟ್‌ನಲ್ಲಿ ನಿಮ್ಮನ್ನು ನೋಡಿ, ಇಷ್ಟಪಟ್ಟು, "ಇವರದ್ದು ಸ್ವಂತ ಪೇಜ್ ಇದೆಯಾ ನೋಡೋಣ" ಎಂದು ಹುಡುಕುವವರು ಇರುತ್ತಾರೆ. ಅವರು ಹೊರಡಬೇಕು ಎಂದು ಆಗಲೇ ತೀರ್ಮಾನ ಮಾಡಿರುತ್ತಾರೆ. ಹುಡುಕಿದಾಗ ನೀವು ಸಿಗಲಿಲ್ಲ ಅಂದರೆ ವಾಪಸ್ ಹೋಗಿ ಸೈಟ್‌ನಲ್ಲೇ ಒತ್ತುತ್ತಾರೆ. ಅವರ ಕೈಗೆ ಸಿಗುವುದೇ ಪೇಜಿನ ಮೊದಲ ಕೆಲಸ. ಹೊಸಬರನ್ನು ಸೆಳೆಯುವುದು ಎರಡನೆಯದು.

ಹಾಗಾಗಿ ಒಂದೇ ಹೆಸರು ಇಟ್ಟುಕೊಳ್ಳಿ. ಮ್ಯಾಪ್, ಇನ್‌ಸ್ಟಾ, ಫೇಸ್‌ಬುಕ್, ಗೇಟಿನ ಬೋರ್ಡ್, ಬುಕಿಂಗ್ ಸೈಟ್, ಎಲ್ಲ ಕಡೆ ಅಕ್ಷರ ಅಕ್ಷರ ಒಂದೇ ಇರಲಿ. ಸೈಟ್‌ನವರಿಗೆ ಹೇಳಿ ಆ "ವಿಲ್ಲಾ" ತೆಗೆಸಿ.

ಮ್ಯಾಪ್‌ನ ವಿಷಯ ಇವತ್ತೇ ಶುರು ಮಾಡಿ. ಆ ಪೆಟ್ಟಿಗೆಯಲ್ಲಿ "Own this business?" ಎಂದು ಇದ್ದರೆ ಅದನ್ನು ಒತ್ತಿ. ಆಗಲೇ ಬೇರೆಯವರ ಹೆಸರಿನಲ್ಲಿದ್ದರೆ "Request access" ಕಳಿಸಲು ಬರುತ್ತದೆ. ಈಗಿನ ಓನರ್‌ಗೆ ಉತ್ತರಿಸಲು 3 ದಿನ ಇರುತ್ತದೆ. ಅವರು ಸುಮ್ಮನಿದ್ದರೆ ಮುಂದಿನ ದಾರಿ ಸಾಮಾನ್ಯವಾಗಿ ನಿಮಗೇ ತೆರೆಯುತ್ತದೆ. ಆಮೇಲೆ ವಿಡಿಯೋ ತೆಗೆದು ಕಳಿಸಲು ಕೇಳಬಹುದು. ರಸ್ತೆಯಿಂದ ಶುರು ಮಾಡಿ ಬೋರ್ಡ್ ತೋರಿಸಿ, ಬೀಗ ತೆಗೆದು ಒಳಗೆ ಹೋಗಿ ಕೋಣೆ ತೋರಿಸಿ. ಮಧ್ಯೆ ನಿಲ್ಲಿಸದೆ ಒಂದೇ ವಿಡಿಯೋದಲ್ಲಿ ಇರಬೇಕು. ಬೋರ್ಡ್ ಮೇಲಿನ ಹೆಸರು, ಮ್ಯಾಪ್‌ನ ಹೆಸರು ಬೇರೆ ಬೇರೆ ಇದ್ದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ದಾರಿಬದಿ

ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಮ್ಯಾಪ್ ನಿಮ್ಮ ಕೈಗೆ ಬಂದ ಮೇಲೂ ತಿಂಗಳಿಗೊಮ್ಮೆ ನಂಬರ್ ನೋಡಿಕೊಳ್ಳಿ. "Suggest an edit" ಒತ್ತಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ನಮ್ಮದು ಒಮ್ಮೆ ಹಾಗೇ ಬದಲಾಗಿತ್ತು. ಎರಡು ವಾರ ಫೋನ್ ಬರಲಿಲ್ಲ, ಸೀಸನ್ ಡಲ್ ಎಂದುಕೊಂಡು ಕೂತಿದ್ದೆ.

ಹಿಂದಿನಬೆಂಚು

ನನ್ನದು ಹೋಂಸ್ಟೇ ಇಲ್ಲ, ಆದರೆ ವರ್ಷಕ್ಕೆ ನಾಲ್ಕೈದು ಸಲ ಹೋಂಸ್ಟೇಗಳಲ್ಲಿ ಉಳಿಯುವವನು. ಅತಿಥಿ ಕಡೆಯಿಂದ ಒಂದು ಮಾತು ಹೇಳಲಾ?

ಪೇಜ್ ಸಿಕ್ಕರೂ ನಾನು ಎಷ್ಟೋ ಸಲ ಸೈಟ್‌ಗೇ ವಾಪಸ್ ಹೋಗಿದ್ದೇನೆ. ಕಾರಣ ರೇಟ್ ಅಲ್ಲ, ಭಯ. ಪೇಜ್‌ನಲ್ಲಿ ಸುಂದರ ಫೋಟೋಗಳಿರುತ್ತವೆ. ಮೆಸೇಜ್ ಮಾಡಿದರೆ "ಅರ್ಧ ಅಡ್ವಾನ್ಸ್ ಹಾಕಿ" ಎಂದು ಒಂದು ನಂಬರ್ ಬರುತ್ತದೆ. ದುಡ್ಡು ಕಳಿಸಲು ಹೋದರೆ ಸ್ಕ್ರೀನ್ ಮೇಲೆ ಯಾವುದೋ ಬೇರೆ ಹೆಸರು. ಹೋಂಸ್ಟೇ ಹೆಸರೂ ಅಲ್ಲ, ಮಾತಾಡಿದವರ ಹೆಸರೂ ಅಲ್ಲ. ಬೇರೆಯವರ ಫೋಟೋ ಕದ್ದು ಪೇಜ್ ಮಾಡಿ ಅಡ್ವಾನ್ಸ್ ತಿನ್ನುವವರು ಇರುವಾಗ ನಾನು ಯಾಕೆ ರಿಸ್ಕ್ ತೆಗೆದುಕೊಳ್ಳಲಿ? ಸೈಟ್‌ನಲ್ಲಿ ನಾಲ್ಕು ಕಾಸು ಜಾಸ್ತಿ ಆದರೂ ನಿದ್ದೆ ಬರುತ್ತದೆ.

ಹಂಚಿನಮನೆ

ಅಯ್ಯೋ! ನಮ್ಮ ಅಕೌಂಟ್ ನಮ್ಮ ಮಾವನವರ ಹೆಸರಿನಲ್ಲಿದೆ. ಮಾತಾಡುವುದು ನಾನು. ಇಬ್ಬರು ಮೂವರು "ಆಮೇಲೆ ಹಾಕುತ್ತೇವೆ" ಎಂದವರು ಮತ್ತೆ ಬರಲೇ ಇಲ್ಲ. ಯಾಕೆ ಎಂದು ಈಗ ಅರ್ಥವಾಯಿತು.

ಲೆಕ್ಕದಪುಸ್ತಕ

ಹಿಂದಿನಬೆಂಚು ಹೇಳಿದ್ದು ಲಕ್ಷದ ಮಾತು. ನಾವು ಮನೆಯೊಳಗೆ ಕೂತವರು, ಇದು ನಮಗೆ ಕಾಣುವುದೇ ಇಲ್ಲ.

ಆಗುವುದಾದರೆ ಹೋಂಸ್ಟೇ ಹೆಸರಿನಲ್ಲೇ ಅಕೌಂಟ್ ತೆರೆಯಿರಿ. ಅದಕ್ಕೆ ಸಮಯ ಹಿಡಿಯುತ್ತದೆ ಅಂದರೆ ಮೊದಲೇ ಹೇಳಿಬಿಡಿ: "ಅಡ್ವಾನ್ಸ್ ನಮ್ಮ ಮಾವನವರ ಹೆಸರಿಗೆ ಹೋಗುತ್ತದೆ, ಪರದೆ ಮೇಲೆ ಈ ಹೆಸರು ಕಾಣುತ್ತದೆ." ಅತಿಥಿ ನೋಡಿ ಗಾಬರಿಯಾದ ಮೇಲೆ ವಿವರಿಸುವುದಕ್ಕಿಂತ ಇದು ಮೇಲು. ಅಡ್ವಾನ್ಸ್ ಬಂದ ಕೂಡಲೇ ತಾರೀಖು, ಕೋಣೆ, ಬಂದ ದುಡ್ಡು, ಬಾಕಿ, ವಾಪಸಾತಿಯ ನಿಯಮ ಇಷ್ಟನ್ನೂ ಬರೆದು ಒಂದು ಮೆಸೇಜ್ ಕಳಿಸಿ. ಸೈಟ್ ಕೊಡುವ ಧೈರ್ಯ ಎಂದರೆ ಆ ಒಂದು ಕಾಗದವೇ ಅಲ್ವಾ?

ಈಗ ಇನ್‌ಸ್ಟಾ. ಪ್ರೊಫೈಲ್‌ನಲ್ಲಿ ದಪ್ಪ ಅಕ್ಷರದ Name ಜಾಗ ಹುಡುಕಾಟದಲ್ಲಿ ಸಿಗುತ್ತದೆ. ಅಲ್ಲಿ ಹೋಂಸ್ಟೇ ಹೆಸರು, ಪಕ್ಕದಲ್ಲಿ ನಿಮ್ಮ ಜಾಗದ ಹೆಸರು ಹಾಕಿ. ಬಯೋಗೆ 150 ಅಕ್ಷರ ಮಾತ್ರ ಸಿಗುತ್ತದೆ. "ಪ್ರಕೃತಿಯ ಮಡಿಲಲ್ಲಿ" ಎಂದೆಲ್ಲ ಬರೆದು ಅದನ್ನು ಸುಡಬೇಡಿ. ನಾಲ್ಕು ಕೋಣೆ, ಮನೆಯವರೇ ನಡೆಸುವುದು, ನೇರ ಬುಕಿಂಗ್‌ಗೆ ಕೆಳಗೆ ಒತ್ತಿ. ಇಷ್ಟು ಸಾಕು.

ಮೇಲೆ ಪಿನ್ ಮಾಡಲು ಮೂರು ಪೋಸ್ಟ್‌ಗೆ ಜಾಗ ಇದೆ. ಸುಂದರ ಫೋಟೋ ಪಿನ್ ಮಾಡಬೇಡಿ. ಒಂದರಲ್ಲಿ ಬುಕ್ ಮಾಡುವುದು ಹೇಗೆ ಎನ್ನುವುದು ಇರಲಿ: ಯಾರು ಮಾತಾಡುತ್ತಾರೆ, ಅಡ್ವಾನ್ಸ್ ಎಷ್ಟು ಪಾಲು, ಯಾರ ಹೆಸರಿಗೆ, ರದ್ದಾದರೆ ಏನು. ನೀವಿಬ್ಬರೂ ಮುಖ ತೋರಿಸಿ. ಇನ್ನೊಂದು ನಾಲ್ಕು ಕೋಣೆಯನ್ನೂ ಬಾತ್‌ರೂಂ ಸಮೇತ ನಡೆದುಕೊಂಡು ತೋರಿಸುವ ವಿಡಿಯೋ, ಸಂಗೀತ ಬೇಡ. ಮೂರನೆಯದು ಸದ್ಯದ ಸೀಸನ್ ಪೋಸ್ಟ್. ಅದು ಮಾತ್ರ ಬದಲಾಗುತ್ತಾ ಇರುತ್ತದೆ.

ರೀಲ್‌ರಾಜ

ಮುಖ ತೋರಿಸಿ ಎಂದದ್ದು ಒಪ್ಪಿದೆ. ಆದರೆ ಸಂಗೀತ ಇಲ್ಲದ ವಿಡಿಯೋ ಯಾರು ನೋಡುತ್ತಾರೆ ಸರ್? ರೀಚ್ ಬಿದ್ದುಹೋಗುತ್ತದೆ.

ಲೆಕ್ಕದಪುಸ್ತಕ

ಬೀಳಲಿ ಬಿಡಿ. ಅದನ್ನು ನೋಡುವುದು ಪೇಜ್‌ಗೆ ಬಂದು ಬುಕ್ ಮಾಡೋಣವೋ ಬೇಡವೋ ಎಂದು ಯೋಚಿಸುತ್ತಿರುವವರು. ಅವರಿಗೆ ಬಾಗಿಲು ಕಿರ್ ಎನ್ನುವುದು, ಹೊರಗಿನ ಸದ್ದು ಎಲ್ಲ ಕೇಳಬೇಕು.

ಹಂಚಿನಮನೆ

ಸರ್, "ಕೆಳಗೆ ಒತ್ತಿ" ಎಂದರೆ ಯಾವುದನ್ನು? ವೆಬ್‌ಸೈಟ್ ಇಲ್ಲವಲ್ಲ.

ಲೆಕ್ಕದಪುಸ್ತಕ

ವಾಟ್ಸಾಪ್ ಲಿಂಕ್. ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ, ಮನೆಯ ನಂಬರ್‌ಗಿಂತ ಬೇರೆ ನಂಬರ್ ಇದ್ದರೆ ಒಳ್ಳೆಯದು. ಲಿಂಕ್ ಹೀಗಿರುತ್ತದೆ:

```
https://wa.me/NUMBER?text=Namaste%2C%20Insta%20nodi%20bande
https://wa.me/NUMBER?text=Namaste%2C%20Map%20nodi%20bande
```

NUMBER ಇರುವಲ್ಲಿ ದೇಶದ ಕೋಡ್ ಸೇರಿಸಿ ನಿಮ್ಮ ನಂಬರ್. ಪ್ಲಸ್ ಗುರುತು, ಮೊದಲ ಸೊನ್ನೆ, ಮಧ್ಯೆ ಗೆರೆ ಏನೂ ಇರಬಾರದು. ಇದ್ದರೆ ಲಿಂಕ್ ತೆರೆಯದೇ ಹೋಗಬಹುದು. %20 ಎಂದರೆ ಪದಗಳ ನಡುವಿನ ಖಾಲಿ ಜಾಗ. ಒತ್ತಿದವರಿಗೆ "Namaste, Insta nodi bande" ಎಂದು ಮೆಸೇಜ್ ಮೊದಲೇ ತಯಾರಾಗಿರುತ್ತದೆ, ಕಳಿಸಿದರೆ ಆಯಿತು. ಮೊದಲನೆಯದು ಇನ್‌ಸ್ಟಾ ಬಯೋಗೆ, ಎರಡನೆಯದು ಮ್ಯಾಪ್‌ನಲ್ಲಿ ವೆಬ್‌ಸೈಟ್ ಹಾಕುವ ಜಾಗಕ್ಕೆ, ಅಲ್ಲಿ ಅದನ್ನು ಒಪ್ಪಿದರೆ. ಒಪ್ಪದಿದ್ದರೆ ಫೇಸ್‌ಬುಕ್ ಪೇಜ್ ವಿಳಾಸ ಕೊಟ್ಟು, ಆ ಪೇಜ್‌ನಲ್ಲಿ ಲಿಂಕ್ ಇಡಿ.

ಇದರ ನಿಜವಾದ ಲಾಭ ಬೇರೆ. ಯಾರು ಎಲ್ಲಿಂದ ಬಂದರು ಎಂದು ಕೇಳದೆಯೇ ಗೊತ್ತಾಗುತ್ತದೆ. ಕೆಲವರು ಆ ಸಾಲು ಅಳಿಸಿ ಬೇರೆ ಬರೆಯುತ್ತಾರೆ. ಹೆಚ್ಚಿನವರು ಹಾಗೇ ಕಳಿಸುತ್ತಾರೆ.

ಇನ್ನೊಂದು ಎಚ್ಚರಿಕೆ. ಇನ್‌ಸ್ಟಾ ಪೋಸ್ಟಿನ ಬರಹದಲ್ಲಿ ಲಿಂಕ್ ಹಾಕಿದರೆ ಅದು ಒತ್ತಲು ಬರುವುದಿಲ್ಲ, ಸುಮ್ನೆ ಅಕ್ಷರವಾಗಿ ಕೂತಿರುತ್ತದೆ. ಬಯೋದಲ್ಲಿ ಇಡಿ, ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಹಾಕಿ. ಪೋಸ್ಟಿನಲ್ಲಿ ಫೋನ್ ನಂಬರ್ ಬರೆಯಿರಿ.

ಈಗ ಸೀಸನ್ ಪೋಸ್ಟ್‌ಗೆ ಬರೋಣ. ಕಳೆದ ಮಳೆಗಾಲದ ರಿಜಿಸ್ಟರ್ ಇದೆಯಾ? ಪ್ರತಿ ಬುಕಿಂಗ್‌ಗೆ ಎರಡು ತಾರೀಖು ಬರೆಯಿರಿ: ಬುಕ್ ಮಾಡಿದ ದಿನ, ಬಂದ ದಿನ. ಸೈಟ್‌ನ ಈಮೇಲ್‌ನಲ್ಲಿ ಬುಕ್ ಮಾಡಿದ ದಿನ ಇರುತ್ತದೆ. ಪಕ್ಕದಲ್ಲಿ ನೀವು ಪೋಸ್ಟ್ ಹಾಕಿದ ದಿನಗಳನ್ನೂ ಬರೆಯಿರಿ.

ಹಂಚಿನಮನೆ

ಎರಡು ರಾತ್ರಿ ಕೂತು ಬರೆದೆ. ಒಟ್ಟು 31 ಬುಕಿಂಗ್. 26 ಸೈಟ್‌ನಿಂದ, 5 ನೇರ.

9 ಬುಕಿಂಗ್ ರಜೆ ಸೇರಿದ ಉದ್ದ ವಾರಾಂತ್ಯದವು. ಅವರು 24ರಿಂದ 40 ದಿನ ಮುಂಚೆ ಬುಕ್ ಮಾಡಿದ್ದಾರೆ. 17 ಮಾಮೂಲಿ ಶನಿವಾರ, ಭಾನುವಾರದವು, 8ರಿಂದ 20 ದಿನ ಮುಂಚೆ. ಉಳಿದ 5 ವಾರದ ಮಧ್ಯದವು, ಎರಡು ಮೂರು ದಿನ ಮುಂಚೆ ಅಷ್ಟೇ.

ನಾನು ಆ ಸೀಸನ್‌ನಲ್ಲಿ 14 ಪೋಸ್ಟ್ ಹಾಕಿದ್ದೇನೆ. ಅದರಲ್ಲಿ 11 ಮಳೆ ಜೋರಾಗಿದ್ದಾಗ ಹಾಕಿದ್ದು. ಆ 40,000ದ ರೀಲ್ ಹಾಕಿದ ದಿನ ನೋಡಿದರೆ, ಮುಂದಿನ ಮೂರು ವಾರಾಂತ್ಯ ಆಗಲೇ ಫುಲ್ ಆಗಿತ್ತು!

ಲೆಕ್ಕದಪುಸ್ತಕ

ನೋಡಿದಿರಾ. ನೀವು ಪೋಸ್ಟ್ ಹಾಕುವಾಗ ಮಾರಲು ಕೋಣೆಯೇ ಇರಲಿಲ್ಲ. ಎಲ್ಲರೂ ಮಾಡುವ ತಪ್ಪು ಇದೇ. ಮಳೆ ಬಂದಾಗ ಮಳೆಯ ಫೋಟೋ ತೆಗೆಯುತ್ತೇವೆ, ಅವತ್ತೇ ಹಾಕುತ್ತೇವೆ. ಅತಿಥಿ ಮಾತ್ರ ಅದಕ್ಕೆ ತಿಂಗಳು ಮುಂಚೆ ಯೋಚಿಸುತ್ತಾ ಕೂತಿದ್ದ.

ನಿಮ್ಮ ಲೆಕ್ಕದ ಪ್ರಕಾರವೇ ನಿಮ್ಮ ವೇಳಾಪಟ್ಟಿ. ಉದ್ದ ವಾರಾಂತ್ಯಕ್ಕೆ 40 ದಿನ ಮುಂಚೆ ಬುಕ್ ಮಾಡುವವರಿದ್ದಾರೆ, ಹಾಗಾಗಿ ಪೋಸ್ಟ್ 45 ದಿನ ಮುಂಚೆ ಬರಬೇಕು. ಇನ್ನೊಮ್ಮೆ ನೆನಪಿಸಲು 28 ದಿನ ಮುಂಚೆ. ಮಾಮೂಲಿ ವಾರಾಂತ್ಯಕ್ಕೆ ವಾರಕ್ಕೊಂದು ಪೋಸ್ಟ್ ಸಾಕು. ಮೂರು ವಾರದಾಚೆ ಬರುವ ವಾರಾಂತ್ಯ ಯಾವುದೋ ಅದರ ಬಗ್ಗೆ ಬರೆಯಿರಿ, ಈ ವಾರದ್ದಲ್ಲ. ವಾರದ ಮಧ್ಯದ ಖಾಲಿ ಕೋಣೆಗೆ ಪೋಸ್ಟ್ ಬೇಡ, ಸ್ಟೋರಿ ಹಾಕಿ. 24 ಗಂಟೆಯಲ್ಲಿ ಹೋಗಿಬಿಡುತ್ತದೆ, ಪೇಜ್ ಮೇಲೆ "ಖಾಲಿ ಇದೆ, ಖಾಲಿ ಇದೆ" ಎಂದು ಗೋಳಾಡಿದಂತೆ ಕಾಣುವುದಿಲ್ಲ.

ನನ್ನ ರಿಜಿಸ್ಟರ್‌ನಲ್ಲಿ ಅಂತರ ಬೇರೆ ಇದೆ, ನಮ್ಮದು ದೂರ, ಜನ ಇನ್ನೂ ಬೇಗ ಬುಕ್ ಮಾಡುತ್ತಾರೆ. ಹಾಗಾಗಿ ನಿಮ್ಮ 45 ದಿನವನ್ನು ಬೇರೆಯವರು ಕಾಪಿ ಮಾಡಬೇಡಿ.

ಕಿಟಕಿಪಕ್ಕ

ನಾವು ಹೋದ ವರ್ಷ ಶುರು ಮಾಡಿದವರು. ರಿಜಿಸ್ಟರ್‌ನಲ್ಲಿ ಒಂದೇ ಸೀಸನ್ ಇದೆ, ಅದೂ 7 ಬುಕಿಂಗ್. ಮಳೆ ಬಾರದ ಹೊತ್ತಿನಲ್ಲಿ ಮಳೆಯ ಫೋಟೋ ಹಾಕಿದರೆ ಮೋಸ ಆಗುವುದಿಲ್ವಾ?

ಲೆಕ್ಕದಪುಸ್ತಕ

7 ಬುಕಿಂಗ್‌ನಿಂದ ಲೆಕ್ಕ ಹಾಕಬೇಡಿ, ಒಬ್ಬ ಬೇಗ ಬುಕ್ ಮಾಡುವವನು ಇಡೀ ಸರಾಸರಿ ಎಳೆದುಬಿಡುತ್ತಾನೆ. ಒಂದು ವರ್ಷ ತಾರೀಖು ಬರೆಯುತ್ತಾ ಹೋಗಿ, ಎನ್‌ಕ್ವೈರಿ ಬಂದು ಬುಕ್ ಆಗದವರದ್ದೂ ಬರೆಯಿರಿ.

ಫೋಟೋ ಮೋಸ ಆಗುವುದು ಯಾವಾಗ ತೆಗೆದದ್ದು ಎಂದು ಹೇಳದಿದ್ದರೆ. "ಕಳೆದ ವರ್ಷ ಮಳೆ ಶುರುವಾಗಿ ಮೂರನೇ ವಾರ ತೆಗೆದದ್ದು" ಎಂದು ಬರೆದರೆ ಮೋಸ ಎಲ್ಲಿ ಬಂತು? ಅದು ಅತಿಥಿಗೆ ಬೇಕಾದ ಮಾಹಿತಿಯೇ. ಈಗ ತೆಗೆಯುವ ಫೋಟೋಗಳನ್ನು ವಾರದ ಲೆಕ್ಕದಲ್ಲಿ ಫೋಲ್ಡರ್ ಮಾಡಿ ಎತ್ತಿಡಿ, ಅದು ಮುಂದಿನ ವರ್ಷದ ಪೋಸ್ಟ್.

ಹಂಚಿನಮನೆ

ಒಂದು ಪೋಸ್ಟ್ ಬರೆದೆ. ತಪ್ಪಿದ್ದರೆ ಹೇಳಿ.

"ಮಳೆಗಾಲದ ಮೊದಲ ಉದ್ದ ವಾರಾಂತ್ಯಕ್ಕೆ 4 ಕೋಣೆಯಲ್ಲಿ 3 ಖಾಲಿ ಇವೆ. ಈ ಫೋಟೋ ಕಳೆದ ವರ್ಷ ಅದೇ ವಾರ ತೆಗೆದದ್ದು. ಆ ಹೊತ್ತಿನಲ್ಲಿ ಮಂಜು ಜಾಸ್ತಿ, ಎದುರಿನ ಬೆಟ್ಟ ಕಾಣದ ದಿನವೂ ಇರುತ್ತದೆ. ಕೊನೆಯ 2 ಕಿಲೋಮೀಟರ್ ಮಣ್ಣಿನ ದಾರಿ. ಚಿಕ್ಕ ಕಾರು ಬರುತ್ತದೆ, ಆದರೆ ಕತ್ತಲಾಗುವ ಮುಂಚೆ ತಲುಪಿ. ಕರೆಂಟ್ ಹೋದರೆ ದೀಪ, ಫ್ಯಾನ್ ಓಡುತ್ತವೆ, ಗೀಸರ್ ಓಡುವುದಿಲ್ಲ. ಮಳೆಯಿಂದ ದಾರಿ ಬಂದ್ ಆದರೆ ಅಡ್ವಾನ್ಸ್ ಪೂರ್ತಿ ವಾಪಸ್, ಅಥವಾ ಬೇರೆ ತಾರೀಖು. ಮಾತಾಡುವುದು ನಾನೇ, ಬೆಳಿಗ್ಗೆ 10ರಿಂದ ರಾತ್ರಿ 8."

ಕೆಳಗೆ ನಂಬರ್ ಹಾಕುತ್ತೇನೆ. ಗೀಸರ್ ವಿಷಯ ತೆಗೆಯಿರಿ ಎನ್ನುತ್ತಿದ್ದಾರೆ ನಮ್ಮ ಯಜಮಾನರು.

ಹಿಂದಿನಬೆಂಚು

ದಯವಿಟ್ಟು ತೆಗೆಯಬೇಡಿ. ಇದನ್ನು ಓದಿದರೆ ನಾನು ಬುಕ್ ಮಾಡುತ್ತೇನೆ. ಗೀಸರ್ ಓಡುವುದಿಲ್ಲ ಎಂದು ಹೇಳುವವರು ಅಡ್ವಾನ್ಸ್ ನುಂಗುವವರಲ್ಲ ಅನಿಸುತ್ತದೆ.

ಲೆಕ್ಕದಪುಸ್ತಕ

ಗೀಸರ್ ಇರಲಿ. ಪೋಸ್ಟ್ ಚೆನ್ನಾಗಿದೆ. ಮೊದಲ ಸಾಲಿನಲ್ಲೇ ದಿನ ಮತ್ತು ಖಾಲಿ ಕೋಣೆ ಇಟ್ಟಿದ್ದೀರಿ, ಅದು ಸರಿ. ಪೂರ್ತಿ ಬರಹ ತೆರೆದು ಓದುವವರು ಕಡಿಮೆ. "ಮೊದಲ ಉದ್ದ ವಾರಾಂತ್ಯ" ಎನ್ನುವ ಬದಲು ತಾರೀಖೇ ಬರೆಯಿರಿ. ಕೋಣೆ ತುಂಬಿದ ದಿನ ಪೋಸ್ಟ್ ಎಡಿಟ್ ಮಾಡಿ "ತುಂಬಿದೆ, ಮುಂದಿನ ಖಾಲಿ ವಾರಾಂತ್ಯ ಇದು" ಎಂದು ಬದಲಿಸಿ.

ದಾರಿಬದಿ

ರೇಟ್ ಯಾಕೆ ಹಾಕಿಲ್ಲ? "ರೇಟ್‌ಗೆ ಮೆಸೇಜ್ ಮಾಡಿ" ಎನ್ನುವ ಪೇಜ್ ನೋಡಿದರೆ ಜನ ಮುಂದೆ ಹೋಗುತ್ತಾರೆ. ನಾವು ರೇಟ್ ಬರೆದ ಮೇಲೆ ಎನ್‌ಕ್ವೈರಿ ಕಡಿಮೆಯಾಯಿತು, ಬುಕಿಂಗ್ ಕಡಿಮೆಯಾಗಲಿಲ್ಲ. ಸುಮ್ನೆ ಕೇಳಿ ಬಿಡುವವರು ಕಡಿಮೆಯಾದರು ಅಷ್ಟೇ.

ಲೆಕ್ಕದಪುಸ್ತಕ

ಅದಕ್ಕೆ ಮುಂಚೆ ಸೈಟ್ ಜೊತೆಗಿನ ಒಪ್ಪಂದ ಓದಬೇಕು. ಕೆಲವು ಒಪ್ಪಂದಗಳಲ್ಲಿ ನಿಮ್ಮ ಸ್ವಂತ ಪೇಜ್‌ನಲ್ಲಿ ಎಲ್ಲರಿಗೂ ಕಾಣುವಂತೆ ಅವರಿಗಿಂತ ಕಡಿಮೆ ರೇಟ್ ಹಾಕಬಾರದು ಎಂದು ಇರುತ್ತದೆ. ಎಲ್ಲ ಕಡೆ ಹಾಗಿಲ್ಲ. ನಾನು ಪೇಜ್‌ನಲ್ಲಿ ಸೈಟ್‌ನ ರೇಟನ್ನೇ ಹಾಕುತ್ತೇನೆ. ನೇರ ಬಂದವರಿಗೆ ರೇಟ್ ಕಡಿಮೆ ಮಾಡುವುದಿಲ್ಲ, ಬೇರೆ ಅನುಕೂಲ ಕೊಡುತ್ತೇನೆ: ಬೇಗ ಬಂದರೂ ಕೋಣೆ, ತಾರೀಖು ಬದಲಿಸಲು ಅವಕಾಶ, ಯಾವ ಕೋಣೆ ಬೇಕು ಎಂದು ಆರಿಸುವ ಹಕ್ಕು.

ಇನ್ನೊಂದು ಮಾತು. ಸೈಟ್‌ನಲ್ಲಿ ಆಗಲೇ ಬುಕ್ ಮಾಡಿದವರಿಗೆ "ಅದನ್ನು ಕ್ಯಾನ್ಸಲ್ ಮಾಡಿ ನಮಗೆ ನೇರ ಕೊಡಿ" ಎಂದು ಹೇಳಬೇಡಿ. ಸಿಕ್ಕಿಬಿದ್ದರೆ ಲಿಸ್ಟಿಂಗ್ ಹೋಗುತ್ತದೆ. ಅವರು ಎರಡನೇ ಸಲ ಬರುವಾಗ ನೇರ ಬರಲಿ.

ದಾರಿಬದಿ

ಅನುಕೂಲ ಗಿನುಕೂಲ ಜನಕ್ಕೆ ಲೆಕ್ಕಕ್ಕಿಲ್ಲ ಸರ್. ನಮ್ಮಲ್ಲಿ ಕಡಿಮೆ ರೇಟ್ ಎಂದ ಮೇಲೇ ನೇರ ಬುಕಿಂಗ್ ಬಂದದ್ದು. ಇದರಲ್ಲಿ ನಾನು ನಿಮ್ಮ ಜೊತೆ ಇಲ್ಲ.

ರೀಲ್‌ರಾಜ

ಎರಡನೇ ಸಲ ಬರುವವರಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಿ. ಹಳೇ ಅತಿಥಿಗಳ ನಂಬರ್ ಎಲ್ಲ ಸೇರಿಸಿ ಸೀಸನ್ ಪೋಸ್ಟ್ ಕಳಿಸಿ, ಫ್ರೀ.

ಲೆಕ್ಕದಪುಸ್ತಕ

ಐಡಿಯಾ ಸರಿ, ಆದರೆ ಒಂದು ತೊಡಕಿದೆ. ಬ್ರಾಡ್‌ಕಾಸ್ಟ್ ಮೆಸೇಜ್ ತಲುಪುವುದು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಒಂದು ಪಟ್ಟಿಗೆ 256 ಜನ ಮಿತಿ. ನಾನು ಶುರುವಿನಲ್ಲಿ 180 ಜನರಿಗೆ ಕಳಿಸಿದೆ, ತಲುಪಿದ್ದು ಕಾಲು ಭಾಗಕ್ಕೂ ಇಲ್ಲ. ಈಗ ದಾರಿಯ ಲೊಕೇಶನ್ ಕಳಿಸುವಾಗಲೇ "ಈ ನಂಬರ್ ಸೇವ್ ಮಾಡಿಕೊಳ್ಳಿ, ದಾರಿಯಲ್ಲಿ ಸಿಗ್ನಲ್ ಹೋದರೆ ಹುಡುಕಲು ಸುಲಭ" ಎನ್ನುತ್ತೇನೆ. ಅವರಿಗೂ ಉಪಯೋಗ. ಹೊರಡುವಾಗ "ಸೀಸನ್ ಸುದ್ದಿ ಕಳಿಸಲಾ?" ಎಂದು ಕೇಳುತ್ತೇನೆ. ಹೂಂ ಅಂದವರಿಗೆ ವರ್ಷಕ್ಕೆ ಮೂರು ಮೆಸೇಜ್, ಅದಕ್ಕಿಂತ ಜಾಸ್ತಿ ಇಲ್ಲ.

ಹಂಚಿನಮನೆ

ಎಲ್ಲರಿಗೂ ಮತ್ತೆ ನಮಸ್ಕಾರ. ಮಳೆಗಾಲ ಅರ್ಧ ಆಯಿತು. ಏನಾಯಿತು ಹೇಳುತ್ತೇನೆ.

ಮ್ಯಾಪ್ ಕೈಗೆ ಬರಲು ಮೂರು ವಾರ ಹಿಡಿಯಿತು. ಮೊದಲ ವಿಡಿಯೋ ತಿರಸ್ಕಾರ ಆಯಿತು, ಬೋರ್ಡ್‌ನಲ್ಲಿ ಹಳೇ ಹೆಸರಿತ್ತು. ಬೋರ್ಡ್ ಬರೆಸಿ ಮತ್ತೆ ಕಳಿಸಿದೆ. ವಾಟ್ಸಾಪ್ ಲಿಂಕ್ ಅಲ್ಲಿ ನಿಲ್ಲಲಿಲ್ಲ. ಫೇಸ್‌ಬುಕ್ ಪೇಜ್ ವಿಳಾಸ ಕೊಟ್ಟು, "Map nodi bande" ಲಿಂಕನ್ನು ಆ ಪೇಜ್‌ನಲ್ಲಿ ಇಟ್ಟೆ.

ಇಲ್ಲಿವರೆಗೆ ಲಿಂಕ್ ಮೂಲಕ 23 ಎನ್‌ಕ್ವೈರಿ. "Map nodi bande" 14, "Insta nodi bande" 9. ಬುಕ್ ಆದದ್ದು 8. ಅದರಲ್ಲಿ 6 ಮ್ಯಾಪ್‌ನವರೇ. ಇನ್‌ಸ್ಟಾದಿಂದ ಬಂದ ಎರಡೂ ಆ 45 ದಿನ ಮುಂಚಿನ ಪೋಸ್ಟ್ ನೋಡಿದವರು. ಈ ಸೀಸನ್ ಹಾಕಿದ್ದು ಒಟ್ಟು 9 ಪೋಸ್ಟ್. ಯಾವುದೂ 2,000 ದಾಟಿಲ್ಲ.

ಒಂದು ಎಡವಟ್ಟೂ ಆಯಿತು. ಒಂದು ಶನಿವಾರಕ್ಕೆ ನೇರವಾಗಿ ಅಡ್ವಾನ್ಸ್ ತೆಗೆದುಕೊಂಡೆ, ಸೈಟ್‌ನಲ್ಲಿ ಕೋಣೆ ಮುಚ್ಚಲು ರಾತ್ರಿ ಆಯಿತು. ಅಷ್ಟರಲ್ಲಿ ಸೈಟ್‌ನಿಂದ ಅದೇ ಕೋಣೆಗೆ ಬುಕಿಂಗ್. ನಮ್ಮ ಮಲಗುವ ಕೋಣೆ ಬಿಟ್ಟುಕೊಟ್ಟು ನಾವು ಹಜಾರದಲ್ಲಿ ಮಲಗಿದೆವು.

ಲೆಕ್ಕದಪುಸ್ತಕ

ಎಲ್ಲರೂ ಒಂದು ಸಲ ಹಜಾರದಲ್ಲಿ ಮಲಗಿದವರೇ! ಕ್ರಮ ತಿರುವಿ ಹಾಕಿ. ಅತಿಥಿ "ಹಾಕುತ್ತೇನೆ" ಎಂದ ಕೂಡಲೇ ಮೊದಲು ಸೈಟ್‌ನಲ್ಲಿ ಆ ದಿನ ಮುಚ್ಚಿ, ಆಮೇಲೆ ಅಕೌಂಟ್ ವಿವರ ಕಳಿಸಿ. ಎರಡು ಗಂಟೆಯಲ್ಲಿ ದುಡ್ಡು ಬರದಿದ್ದರೆ ತೆರೆಯಿರಿ. ಎರಡು ಸೈಟ್ ಇದ್ದರೆ ಕ್ಯಾಲೆಂಡರ್ ಜೋಡಿಸಬಹುದು, ಆದರೆ ಒಂದರಲ್ಲಿ ಮುಚ್ಚಿದ್ದು ಇನ್ನೊಂದಕ್ಕೆ ತಲುಪಲು ಕೆಲವು ಗಂಟೆ ಹಿಡಿಯುತ್ತದೆ. ಸೀಸನ್‌ನಲ್ಲಿ ಅದನ್ನು ನಂಬಬೇಡಿ, ಕೈಯಿಂದಲೇ ಮುಚ್ಚಿ.

ಮೂಲೆಮನೆ

ಮ್ಯಾಪ್‌ನಿಂದ ಬಂದ ಆ 6 ಜನ ನಿಮ್ಮನ್ನು ಮೊದಲು ನೋಡಿದ್ದು ಎಲ್ಲಿ? ಸೈಟ್‌ನಲ್ಲೇ ಅಲ್ವಾ? ಹಾಗಾದರೆ ಸೈಟ್ ಬಿಟ್ಟರೆ ಅವರೂ ಬರುವುದಿಲ್ಲ.

ಹಂಚಿನಮನೆ

ಮೂವರನ್ನು ಕೇಳಿದೆ ಅಣ್ಣಾ. ಇಬ್ಬರು ಸೈಟ್‌ನಲ್ಲಿ ನೋಡಿ ಹುಡುಕಿದವರು. ಒಬ್ಬರು ಹೋದ ವರ್ಷ ಬಂದವರ ಅಕ್ಕ. ಉಳಿದ ಮೂವರನ್ನು ಕೇಳಲು ಮರೆತೆ.

ಕಿಟಕಿಪಕ್ಕ

ನಮ್ಮದೂ ಮ್ಯಾಪ್ ನೋಡಿದೆ. ನಂಬರ್ ನಮ್ಮದೇ ಇದೆ, ಆದರೆ ಪಿನ್ ನದಿಯ ಆಚೆ ದಡದಲ್ಲಿ ಕೂತಿದೆ. ಇದನ್ನು ಸರಿಸಲು ಮತ್ತೆ ವಿಡಿಯೋ ಕಳಿಸಬೇಕಾ?